128 ಜಿಬಿ ಫೋನಿನಲ್ಲಿ 21 ಜಿಬಿ ಎಲ್ಲಿ ಹೋಯಿತು?

ಪ್ರಶ್ನೆ: ಮಗಳಿಗೆಂದು ಗೋಣಿಕೊಪ್ಪದಲ್ಲಿ 128 ಜಿಬಿಯ ಆಂಡ್ರಾಯ್ಡ್ ಫೋನ್ ಕೊಂಡೆ. ಮೊದಲ ದಿನವೇ ಸ್ಟೋರೇಜಿನಲ್ಲಿ ‘ಸಿಸ್ಟಂ 21 ಜಿಬಿ’ ಅಂತ ತೋರಿಸಿತು. ರಿಸೆಟ್ ಮಾಡಿದರೂ ಕಡಿಮೆ ಆಗಲಿಲ್ಲ. ಅಂಗಡಿಯವರು ಹಳೇ ಫೋನ್ ಕೊಟ್ಟು ಮೋಸ ಮಾಡಿದರಾ?
— ವಿರಾಜಪೇಟೆಯ ಓದುಗರು

ಉತ್ತರ: ಇಲ್ಲ, ಆ ಅಂಕಿ ನೋಡಿ ಅಂಗಡಿಯವರ ಮೇಲೆ ಜಗಳಕ್ಕೆ ಹೋಗಬೇಡಿ. ನನ್ನ ಸ್ವಂತ 128ರ ಫೋನೂ ಅಷ್ಟೇ ತೋರಿಸುತ್ತದೆ. ಅದರಲ್ಲೇ ಲೆಕ್ಕ ಬಿಡಿಸಿ ಹೇಳುತ್ತೇನೆ.

ಫೋನ್ ಆ 21 ಜಿಬಿಯನ್ನು ಅಳೆದು ಹೇಳುತ್ತಿಲ್ಲ, ಕಳೆದು ಹೇಳುತ್ತಿದೆ. ಸಾಮಾನ್ಯವಾಗಿ ಆಂಡ್ರಾಯ್ಡ್ ಮಾಡುವುದು ಹೀಗೆ: ಡಬ್ಬಿಯ ಮೇಲಿನ 128ನ್ನು ಒಟ್ಟು ಎಂದು ಇಟ್ಟುಕೊಳ್ಳುತ್ತದೆ. ಅದರಿಂದ ಖಾಲಿ ಜಾಗ, ಫೋಟೋ, ವಿಡಿಯೊ, ಆಪ್‌ಗಳನ್ನು ಕಳೆಯುತ್ತದೆ. ಲೆಕ್ಕಕ್ಕೆ ಸಿಗದೆ ಉಳಿದದ್ದಕ್ಕೆಲ್ಲ ‘ಸಿಸ್ಟಂ’ ಎಂದು ಹೆಸರಿಡುತ್ತದೆ. ಹಾಗಾಗಿ ಆ 21ರಲ್ಲಿ ಫೈಲೇ ಅಲ್ಲದ ಒಂದು ಪಾಲೂ ಸೇರಿಕೊಳ್ಳಬಹುದು.

ಆ ಪಾಲು ಬರುವುದು ಎರಡು ಬಗೆಯ ಜಿಬಿಯಿಂದ. ನಮ್ಮ ಹಿರಿಯರ ಕಾಲದಲ್ಲಿ ಕಚ್ಚಾ ಸೇರು, ಪಕ್ಕಾ ಸೇರು ಅಂತ ಇರಲಿಲ್ವಾ, ಹಾಗೆ. ತಯಾರಕರಿಗೆ ಒಂದು ಜಿಬಿ ಎಂದರೆ ಸರಿಯಾಗಿ 100 ಕೋಟಿ ಬೈಟ್. ಕಂಪ್ಯೂಟರಿನ ಹಳೆಯ ರೂಢಿಯಲ್ಲಿ ಅದು 1024ನ್ನು ಮೂರು ಸಲ ಗುಣಿಸಿದ್ದು, ಅಂದರೆ ಸುಮಾರು 107.4 ಕೋಟಿ ಬೈಟ್. ಡಬ್ಬಿಯಲ್ಲಿರುವುದು 12,800 ಕೋಟಿ ಬೈಟ್. ದೊಡ್ಡ ಸೇರಿನಲ್ಲಿ ಅಳೆದರೆ ಅದು 119.2 ಆಗುತ್ತದೆ. ಭತ್ತ ಅಷ್ಟೇ ಇದೆ, ಸೇರು ಬದಲಾಗಿದೆ.

ನನ್ನ ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಈ ಆಜ್ಞೆ ಕೊಟ್ಟೆ:

```
adb shell df -h /data
```

`Size` ಎಂಬಲ್ಲಿ `107G` ಬಂತು. ಇದು ದೊಡ್ಡ ಸೇರಿನ ಲೆಕ್ಕ. ನಮ್ಮ ಆಪ್, ಫೋಟೋಗಳಿಗೆ ಸಿಗುವ ಭಾಗ ಇಷ್ಟೇ. ಈಗ ಕೂಡಿಸಿ ನೋಡಿ. 119.2ರಲ್ಲಿ 107 ಹೋದರೆ 12.2. ಇದು ನಿಜವಾಗಿ ಆಂಡ್ರಾಯ್ಡ್, ಮೋಡೆಮ್, ರಿಕವರಿ ಇತ್ಯಾದಿಗೆ ಕಾರ್ಖಾನೆಯಲ್ಲೇ ಗೆರೆ ಹಾಕಿ ಬೇರೆ ಮಾಡಿಟ್ಟ ಜಾಗ. 128ರಲ್ಲಿ 119.2 ಹೋದರೆ 8.8. ಅದು ಬರೀ ಸೇರಿನ ವ್ಯತ್ಯಾಸ. ಎರಡೂ ಸೇರಿ 21. ನನ್ನ ಫೋನಿನ ಸೆಟ್ಟಿಂಗ್ಸ್ ಒಟ್ಟನ್ನು ಸಣ್ಣ ಸೇರಿನಲ್ಲಿ ಬರೆದು ಉಳಿದದ್ದನ್ನು ದೊಡ್ಡದರಲ್ಲಿ ಅಳೆಯುತ್ತದೆ, ವ್ಯತ್ಯಾಸವನ್ನು ಸುಮ್ನೆ ಸಿಸ್ಟಂ ತಲೆಗೆ ಕಟ್ಟುತ್ತದೆ. ನನಗಂತೂ ಇದು ಸರಿ ಕಾಣುವುದಿಲ್ಲ. ಎಲ್ಲವನ್ನೂ ಸಣ್ಣ ಸೇರಿನಲ್ಲೇ ಅಳೆಯುವ ಫೋನುಗಳೂ ಇವೆ. ಅಂಥದ್ದರಲ್ಲಿ ಇದೇ ಸಿಸ್ಟಂ 13 ಜಿಬಿ ಎಂದು ಕಾಣುತ್ತಿತ್ತು.

ರಿಸೆಟ್ ಯಾಕೆ ಉಪಯೋಗಕ್ಕೆ ಬರಲಿಲ್ಲ ಎಂಬುದೂ ಇದರಲ್ಲೇ ಇದೆ. ರಿಸೆಟ್ ಒರೆಸುವುದು ಆ 107ರ ಒಳಗಿನದನ್ನು ಮಾತ್ರ. ಗೆರೆಯ ಆಚೆಗಿನ ಆಂಡ್ರಾಯ್ಡನ್ನು ಅದು ಮುಟ್ಟುವುದಿಲ್ಲ, ಮುಟ್ಟಿದರೆ ಫೋನೇ ಏಳುವುದಿಲ್ಲ. ಫೋನಿನ ಜೊತೆಗೇ ಬಂದ ಬೇಡದ ಆಪ್‌ಗಳ ಕಥೆಯೂ ಹೀಗೆಯೇ. ಅವುಗಳ ಮೂಲ ಪ್ರತಿ ಆಚೆ ಇದೆ. ನಿಷ್ಕ್ರಿಯ ಮಾಡಿದರೆ ಅದು ಬಳಸಿದ ಜಾಗ ಮರಳದು. ಆದರೆ ಅವುಗಳ ಅಪ್‌ಡೇಟ್‌ಗಳು ಕೂರುವುದು ನಮ್ಮ ಜಾಗದಲ್ಲಿ. ಆಪ್‌ನ ಮಾಹಿತಿ ಪುಟದಲ್ಲಿ ಅಪ್‌ಡೇಟ್ ತೆಗೆದುಹಾಕಿ, ಆಮೇಲೆ ನಿಷ್ಕ್ರಿಯ ಮಾಡಿದರೆ ಅಷ್ಟು ಸಿಗುತ್ತದೆ.

ನಿಮ್ಮ ಅಂಕಿ 21ರಲ್ಲೇ ನಿಂತಿದ್ದರೆ ಚಿಂತೆಯಿಲ್ಲ. ಮುಂದೆ ಒಂದು ದಿನ 26, 28 ಅಂತ ಏರಿದರೆ ಮೊದಲು ಸಿಸ್ಟಂ ಅಪ್‌ಡೇಟ್ ಅರ್ಧಕ್ಕೆ ನಿಂತಿದೆಯಾ ನೋಡಿ. ಹೊಸ ಆಂಡ್ರಾಯ್ಡ್ ಫೋನುಗಳು ಅಪ್‌ಡೇಟ್ ಹಾಕಿಕೊಳ್ಳುವಾಗ ನಮ್ಮ ಜಾಗದಲ್ಲೂ ಸ್ವಲ್ಪ ಹೊತ್ತು ಸಾಮಾನು ಇಡಬಹುದು. ನಮ್ಮಲ್ಲಿ ಜಡಿಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ಅಪ್‌ಡೇಟ್ ವಾರಗಟ್ಟಲೆ ಅಲ್ಲೇ ಕೂರುತ್ತದೆ. ಒಳ್ಳೆ ವೈಫೈ ಇರುವಲ್ಲಿ ಮುಗಿಸಿ, ರೀಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಇಳಿದಿರುತ್ತದೆ.

ಇನ್ನೊಂದನ್ನು ಇವತ್ತೇ ನೋಡಬಹುದು. ‘ರ‍್ಯಾಮ್ ವಿಸ್ತರಣೆ’, ‘ವರ್ಚುವಲ್ ರ‍್ಯಾಮ್’ ಎಂಬಂಥ ಹೆಸರಿನ ಸೌಲಭ್ಯ ನಿಮ್ಮ ಫೋನಿನಲ್ಲಿ ಆನ್ ಆಗಿದೆಯಾ? ಅದು ರ‍್ಯಾಮನ್ನು ಎಲ್ಲಿಂದಲೋ ತರುವುದಿಲ್ಲ, ಸ್ಟೋರೇಜಿನಿಂದಲೇ ಕಡ ತೆಗೆಯುತ್ತದೆ. ನನ್ನದರಲ್ಲಿ 4 ಜಿಬಿಗೆ ಹಾಕಿಟ್ಟಿತ್ತು. ಆಫ್ ಮಾಡಿ ರೀಸ್ಟಾರ್ಟ್ ಮಾಡಿದ ಮೇಲೆ ಆ 4 ಜಿಬಿ ಖಾಲಿ ಜಾಗಕ್ಕೆ ಮರಳಿತು. ಫೋನೇನೂ ನಿಧಾನ ಆದಂತೆ ನನಗೆ ಕಾಣಲಿಲ್ಲ. ನಿಮ್ಮ ಮಗಳ ಫೋನಿನಲ್ಲಿ ರ‍್ಯಾಮೇ 4 ಜಿಬಿ ಇದ್ದರೆ ಮಾತ್ರ ಅದನ್ನು ಹಾಗೇ ಬಿಡಿ.