ನುಂಗಿದ ಬೀಜ, ಅಗಿದ ಬೀಜ

"ಸೇಬಿನ ಬೀಜದಲ್ಲಿ ಸಯನೈಡ್ ಇದೆ ಎಂದು ಓದಿ ಈ ಕಥೆ ಬರೆದೆ. ಆರು ವರ್ಷದ ಹುಡುಗ ಒಂದು ಸೇಬಿನ ಬೀಜಗಳನ್ನೆಲ್ಲ ನುಂಗಿ, ತುಟಿ ನೀಲಿಗಟ್ಟಿ, ಮೂರನೆಯ ದಿನ ಸಾಯುತ್ತಾನೆ. ಬೀಜಗಳ ಸಂಖ್ಯೆ ಹೆಚ್ಚಿಸಬೇಕೇ?"

ಮೊದಲು 'ನುಂಗಿ' ಎಂಬ ಮಾತನ್ನು ಹೊಡೆದುಹಾಕಿ. ಬೀಜದೊಳಗೆ ಸಯನೈಡ್ ತಯಾರಾಗಿ ಕುಳಿತಿರುವುದಿಲ್ಲ. ಇರುವುದು ಅಮಿಗ್ಡಲಿನ್ ಎಂಬ ಪದಾರ್ಥ. ಅದನ್ನು ಒಡೆಯುವ ಕಿಣ್ವ ಅದೇ ಬೀಜದಲ್ಲಿ ಬೇರೆ ಕಡೆ ಇರುತ್ತದೆ. ಹಲ್ಲಿಗೆ ಸಿಕ್ಕಿ ಬೀಜ ಜಜ್ಜಿದಾಗ ಎರಡೂ ಬೆರೆತು ಸಯನೈಡ್ ಹುಟ್ಟುತ್ತದೆ. ಇಡಿಯಾಗಿ ನುಂಗಿದ ಬೀಜ ಗಟ್ಟಿ ಸಿಪ್ಪೆಯ ಸಮೇತ ಮಲದೊಂದಿಗೆ ಹೊರಗೆ ಹೋಗುತ್ತದೆ. ನಿಮ್ಮ ಹುಡುಗ ಮರುದಿನ ಶಾಲೆಗೆ ಹೋಗುತ್ತಾನೆ.

ಅಗಿದ ಎಂದೇ ಇಟ್ಟುಕೊಳ್ಳೋಣ. ನಿಮ್ಮ ಹಸ್ತಪ್ರತಿ ಓದಿದ ಮೇಲೆ ಒಂದು ಸೇಬು ಕೊಯ್ದು ಹತ್ತು ಬೀಜ ತೂಗಿದೆ: ಒಂದು ಗ್ರಾಂ ಕೂಡ ಆಗಲಿಲ್ಲ. ಒಂದು ಗ್ರಾಂ ಬೀಜದಲ್ಲಿ ಅಮಿಗ್ಡಲಿನ್ ಸುಮಾರು 1ರಿಂದ 4 ಮಿಲಿಗ್ರಾಂ. ನಿಮ್ಮ ಕಥೆಗೆ ಅನುಕೂಲವಾಗಲೆಂದು 4 ಹಿಡಿಯುತ್ತೇನೆ. ಅದು ಪೂರ್ತಿ ಒಡೆದರೂ ಹುಟ್ಟುವ ಸಯನೈಡ್ 0.24 ಮಿಲಿಗ್ರಾಂ, ಅಷ್ಟೇ.

ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಒಂದು ಮಿತಿ ಹೇಳಿತು: ಒಮ್ಮೆಗೆ, ದೇಹದ ಪ್ರತಿ ಕಿಲೋಗೆ 0.02 ಮಿಲಿಗ್ರಾಂ. ನಿಮ್ಮ ಹುಡುಗ 20 ಕಿಲೋ ಇದ್ದರೆ 0.4 ಮಿಲಿಗ್ರಾಂ, ಎಂದರೆ ಎರಡು ಸೇಬಿನ ಬೀಜಗಳನ್ನು ನುಣ್ಣಗೆ ಅಗಿದಷ್ಟು. ಈ ಗೆರೆ ದಾಟಿದ ತಕ್ಷಣ ಯಾರೂ ಕುಸಿದು ಬೀಳುವುದಿಲ್ಲ. ಅದನ್ನು ಅಪಾಯದ ಮಟ್ಟಕ್ಕಿಂತ ಸಾಕಷ್ಟು ಕೆಳಗೇ ಎಳೆದಿದ್ದಾರೆ. ಆದರೆ ಮಕ್ಕಳ ವಿಷಯದಲ್ಲಿ ಅದು ಎಷ್ಟು ಹತ್ತಿರವಿದೆ ನೋಡಿ. ಅರವತ್ತು ಕಿಲೋ ತೂಗುವವರಿಗೆ ಅದೇ ಗೆರೆ ಐವತ್ತಕ್ಕೂ ಹೆಚ್ಚು ಬೀಜಗಳಾಚೆ ಇದೆ.

ಸಾವಿನ ಲೆಕ್ಕವೇ ಬೇರೆ. ಮಾರಕ ಪ್ರಮಾಣವೆಂದು ಹೇಳುವುದು ಕಿಲೋಗೆ 0.5ರಿಂದ 3.5 ಮಿಲಿಗ್ರಾಂ. ಅತಿ ಕಡಿಮೆಯದನ್ನೇ ಹಿಡಿದರೂ ಹುಡುಗನಿಗೆ 10 ಮಿಲಿಗ್ರಾಂ ಬೇಕು: ನಾನೂರಕ್ಕೂ ಹೆಚ್ಚು ಬೀಜ, ನಲವತ್ತಕ್ಕೂ ಹೆಚ್ಚು ಸೇಬು, ಅದೂ ಒಂದೇ ಸಲಕ್ಕೆ. ಆ ಕಹಿಯನ್ನು ನಾಲ್ಕನೆಯ ಬೀಜಕ್ಕೇ ಉಗುಳದ ಮಗುವನ್ನು ನಾನು ನಂಬಲಾರೆ. ನಿಧಾನವಾಗಿ ತಿಂದರೆ ದೇಹ ಸಯನೈಡನ್ನು ಥಯೋಸಯನೇಟ್ ಎಂಬ ಕಡಿಮೆ ವಿಷದ ಪದಾರ್ಥವಾಗಿ ಬದಲಿಸಿ ಮೂತ್ರದಲ್ಲಿ ಕಳಿಸುತ್ತದೆ.

ನೀಲಿ ತುಟಿಯೂ ಬೇಡ. ಸಯನೈಡ್ ಜೀವಕೋಶಗಳು ಆಮ್ಲಜನಕ ಬಳಸದಂತೆ ತಡೆಯುತ್ತದೆ, ರಕ್ತದಲ್ಲಿ ಆಮ್ಲಜನಕ ಹಾಗೆಯೇ ಉಳಿಯುತ್ತದೆ. ಆರಂಭದಲ್ಲಿ ಮೈ ನೀಲಿಗಟ್ಟುವುದಿಲ್ಲ. ತಲೆನೋವು, ತಲೆಸುತ್ತು, ವಾಂತಿ, ಏದುಸಿರು ಬರುವುದು ನಿಮಿಷಗಳಲ್ಲಿ ಅಥವಾ ಕೆಲವೇ ಗಂಟೆಗಳಲ್ಲಿ. ಮೂರು ದಿನದ ನರಳಾಟ ಈ ವಿಷದ್ದಲ್ಲ.

ಬೀಜಗಳ ಸಂಖ್ಯೆ ಹೆಚ್ಚಿಸಬೇಡಿ, ಸಾವನ್ನೇ ತೆಗೆಯಿರಿ. ಎರಡನೆಯ ಪುಟದಲ್ಲಿ ತಾಯಿ ತಟ್ಟೆಯಲ್ಲಿ ಉಳಿದ ದಿಂಡನ್ನು ಸೀಳಿ, ಖಾಲಿ ಗೂಡುಗಳನ್ನು ಬೆರಳಿನಿಂದ ತಡವಿ ಎಣಿಸುವ ಸಾಲು ಚೆನ್ನಾಗಿದೆ. ಅವಳು ಮಗನನ್ನು "ಅಗಿದೆಯೋ, ನುಂಗಿದೆಯೋ?" ಎಂದು ಕೇಳಲಿ. ಅವನು ಉತ್ತರಿಸುವ ಮುನ್ನ ಹೆದರಿ ಬಾಯಿ ಮುಚ್ಚಿಕೊಳ್ಳಲಿ. ಅಲ್ಲಿಂದ ಮುಂದಿನದನ್ನು ಬರೆದು ಕಳಿಸಿ.