ಒಂದೇ ಹೊಲದ ಮಣ್ಣು, ಎರಡು ಸಾಂದ್ರತೆ

ಪ್ರಶ್ನೆ: ನಾನು ಕೃಷಿ ಪದವಿ ಓದುತ್ತಿದ್ದೇನೆ, ಊರು ಜಮಖಂಡಿ ಹತ್ತಿರ. ನಮ್ಮ ಕಬ್ಬಿನ ಹೊಲದ ಎರೆ ಮಣ್ಣಿನ ಬಲ್ಕ್ ಡೆನ್ಸಿಟಿ ರಿಂಗ್ ವಿಧಾನದಲ್ಲಿ 1.31 ಬಂತು. ಹೆಂಟೆಗೆ ಮೇಣ ಹಚ್ಚಿ ತೂಗಿದರೆ 1.79! ಟ್ರ್ಯಾಕ್ಟರ್ ಓಡಾಡಿ ಮಣ್ಣು ಗಟ್ಟಿಯಾಗಿದೆ ಅಂತಾರೆ ಅಪ್ಪ. ಯಾವ ಅಂಕಿ ನಂಬಲಿ? ಲೆಕ್ಕದ ಹಾಳೆ ಕಳಿಸಿದ್ದೇನೆ.

ಉತ್ತರ: ಹಾಳೆ ಕಳಿಸಿದ್ದು ಒಳ್ಳೆಯದಾಯಿತು. ಬರೀ ಎರಡು ಅಂಕಿ ಬರೆದಿದ್ದರೆ ನಾನೂ ಊಹೆ ಮಾಡಬೇಕಿತ್ತು.

ಬಲ್ಕ್ ಡೆನ್ಸಿಟಿ ಅಂದರೆ ಹೊಲದ ಒಂದು ಘನ ಸೆಂ.ಮೀ. ಜಾಗದಲ್ಲಿ ಎಷ್ಟು ಗ್ರಾಂ ಒಣಮಣ್ಣು ಇದೆ ಎಂಬ ಲೆಕ್ಕ. ಮೊದಲು ರಿಂಗ್ ನೋಡೋಣ. ಒಳವ್ಯಾಸ 5 ಸೆಂ.ಮೀ., ಎತ್ತರ 5 ಸೆಂ.ಮೀ. ಅಂದರೆ ಒಳಗೆ ಹಿಡಿಯುವ ಜಾಗ 98.2 ಘನ ಸೆಂ.ಮೀ. ಹಸಿ ಮಣ್ಣು 164.0 ಗ್ರಾಂ ತೂಗಿತ್ತು. 105 ಡಿಗ್ರಿ ಓವನ್‌ನಲ್ಲಿ 24 ಗಂಟೆ ಇಟ್ಟ ಮೇಲೆ 128.6 ಗ್ರಾಂ ಉಳಿಯಿತು. 128.6ನ್ನು 98.2ರಿಂದ ಭಾಗಿಸಿದರೆ 1.31. ಲೆಕ್ಕ ಸರಿ ಇದೆ. ಹಾರಿಹೋದ ನೀರು 35.4 ಗ್ರಾಂ, ಅಂದರೆ ತೇವ ಒಣಮಣ್ಣಿನ ತೂಕದ ಶೇ 27.5.

ಹೆಂಟೆಯ ಲೆಕ್ಕದಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿದೆ. ನೆರಳಲ್ಲಿ ಒಣಗಿಸಿದ ಹೆಂಟೆ 62.0 ಗ್ರಾಂ, ಮೇಣ ಹಚ್ಚಿದ ಮೇಲೆ 66.5, ದಾರಕ್ಕೆ ಕಟ್ಟಿ ನೀರಲ್ಲಿ ಮುಳುಗಿಸಿ ತೂಗಿದಾಗ 26.9. ತೂಕ ಕಡಿಮೆಯಾದಷ್ಟೇ ಗಾತ್ರ, ಅಂದರೆ 39.6 ಘನ ಸೆಂ.ಮೀ. ಮೇಣ 4.5 ಗ್ರಾಂ, ಅದರ ಸಾಂದ್ರತೆ 0.9, ಹಾಗಾಗಿ ಮೇಣದ್ದೇ 5 ಘನ ಸೆಂ.ಮೀ. ಉಳಿದ 34.6 ಹೆಂಟೆಯದು. ಇಲ್ಲಿಯವರೆಗೂ ಸರಿ. ಆದರೆ ನೀವು 62.0ನ್ನೇ 34.6ರಿಂದ ಭಾಗಿಸಿದ್ದೀರಿ. ನೆರಳಲ್ಲಿ ಒಣಗಿದ ಎರೆ ಮಣ್ಣು ಪೂರಾ ಒಣಗಿರುವುದಿಲ್ಲ, ಜೇಡಿ ನೀರನ್ನು ಹಿಡಿದುಕೊಂಡೇ ಇರುತ್ತದೆ. ಅದೇ ಮಣ್ಣಿನ ತೇವ ಶೇ 7 ಎಂದು ನಿಮ್ಮ ಹಾಳೆಯ ಮೂಲೆಯಲ್ಲೇ ಇದೆಯಲ್ಲ! 62.0ನ್ನು 1.07ರಿಂದ ಭಾಗಿಸಿದರೆ ನಿಜವಾದ ಒಣ ತೂಕ 57.9 ಗ್ರಾಂ. ಆಗ ಸಾಂದ್ರತೆ 1.67.

ಇನ್ನೂ 1.31ಕ್ಕೂ 1.67ಕ್ಕೂ ಅಂತರ ಉಳಿಯಿತು. ಅದು ತಪ್ಪಲ್ಲ, ಎರೆ ಮಣ್ಣಿನ ಗುಣ. ಬೇಸಿಗೆಯಲ್ಲಿ ನಿಮ್ಮ ಹೊಲ ಕೈ ಹೋಗುವಷ್ಟು ಬಿರಿಯುತ್ತದೆ ಅಲ್ವಾ? ಹೆಂಟೆ ಒಣಗುವಾಗಲೂ ಹಾಗೇ ಕುಗ್ಗಿದೆ. ಬಿರುಕು ಹೊಲದಲ್ಲೇ ಉಳಿಯಿತು, ನಿಮ್ಮ ಕೈಗೆ ಬಂದದ್ದು ಬಿರುಕುಗಳ ನಡುವಿನ ಗಟ್ಟಿ ತುಂಡು. ಇದನ್ನು ಪರೀಕ್ಷಿಸಿ ನೋಡಬಹುದು. ಹದದಲ್ಲಿ 1 ಗ್ರಾಂ ಒಣಮಣ್ಣಿಗೆ 0.76 ಘನ ಸೆಂ.ಮೀ. ಜಾಗ ಬೇಕಿತ್ತು, ಹೆಂಟೆಯಲ್ಲಿ 0.60 ಸಾಕಾಯಿತು. ಕುಗ್ಗಿದ್ದು 0.16. ಅದೇ 1 ಗ್ರಾಂ ಮಣ್ಣು ಕಳೆದುಕೊಂಡ ನೀರು 0.20. ಕುಗ್ಗಿದ್ದು ಹೋದ ನೀರಿಗಿಂತ ಕಡಿಮೆಯೇ ಇದೆ, ಹಾಗಾಗಿ ಎರಡೂ ಅಂಕಿ ಒಂದಕ್ಕೊಂದು ಹೊಂದುತ್ತವೆ. ಹೆಚ್ಚಾಗಿದ್ದರೆ ಎಲ್ಲೋ ತೂಕ ತಪ್ಪಿದೆ ಎನ್ನುತ್ತಿದ್ದೆ.

ಬೇರಿಗೆ ಬೇಕಾದ ಅಂಕಿ ಹದದಲ್ಲಿ ತೆಗೆದದ್ದು, ಅಂದರೆ 1.31. ಮಣ್ಣಿನ ಕಣದ ಸಾಂದ್ರತೆ 2.65 ಎಂದು ಹಿಡಿದರೆ ರಂಧ್ರತೆ ಶೇ 50.6. ಅದರಲ್ಲಿ ನೀರು ತುಂಬಿದ್ದು 36.0, ಗಾಳಿಗೆ ಉಳಿದದ್ದು 14.6. ಗಾಳಿ ಶೇ 10ಕ್ಕಿಂತ ಕೆಳಗಿಳಿದರೆ ಬೇರಿಗೆ ಉಸಿರು ಕಟ್ಟುತ್ತದೆ. ನಿಮ್ಮ ಮಾದರಿಯಲ್ಲಿ ಆ ತೊಂದರೆ ಇಲ್ಲ.

ಹಾಗಂತ ಅಪ್ಪನ ಮಾತು ಸುಳ್ಳು ಅನ್ನಬೇಡಿ. ರಿಂಗ್ ಎಲ್ಲಿ ಹೊಡೆದಿರಿ ಎಂದು ನೀವು ಬರೆದಿಲ್ಲ. ಸಾಲಿನ ನಡುವಿನ ಒಂದೇ ರಿಂಗ್ ಟ್ರ್ಯಾಕ್ಟರ್ ಬಗ್ಗೆ ಏನೂ ಹೇಳದು. ಕಬ್ಬು ತುಂಬಿದ ಟ್ರೇಲರ್ ತಿರುಗುವ ಹೊಲದ ತುದಿಯಲ್ಲಿ ಮೂರು ರಿಂಗ್, ಗಾಲಿ ಹಾಯದ ಕಡೆ ಮೂರು ರಿಂಗ್ ತೆಗೆಯಿರಿ. ಎರಡೂ ಕಡೆ 15ರಿಂದ 20 ಸೆಂ.ಮೀ. ಆಳದಲ್ಲಿ, ಒಂದೇ ದಿನ. ಎರಡೂ ಕಡೆ ತೇವ ಹೆಚ್ಚುಕಮ್ಮಿ ಒಂದೇ ಇರಬೇಕು, ಇಲ್ಲದಿದ್ದರೆ ಹೋಲಿಕೆ ಸುಮ್ನೆ. ಇಂಥ ಜೇಡಿ ಮಣ್ಣಿನಲ್ಲಿ ಹದದ ಅಂಕಿ 1.4 ದಾಟಿದರೆ ಬೇರು ಕಷ್ಟಪಡಲು ಶುರುಮಾಡುತ್ತದೆ. ಮರಳು ಮಣ್ಣಿಗೆ ಈ ಮಿತಿ ಇನ್ನೂ ಮೇಲಿದೆ, ಅದನ್ನು ಇಲ್ಲಿಗೆ ತರಬೇಡಿ.

ರಿಂಗ್ ಹೊಡೆಯುವಾಗಲೇ ಮಣ್ಣು ಒತ್ತಿಹೋಗುವುದು ಎಲ್ಲರೂ ಮಾಡುವ ತಪ್ಪು. ನಾನು ಓದುವಾಗ ದೊಡ್ಡ ಸುತ್ತಿಗೆಯಿಂದ ಬಡಿದು, ಒಳ್ಳೆ ಮಣ್ಣನ್ನೇ ಗಟ್ಟಿ ಮಣ್ಣು ಮಾಡಿ ತೋರಿಸಿದ್ದೆ! ರಿಂಗ್ ಮೇಲೆ ಇನ್ನೊಂದು ರಿಂಗ್, ಅದರ ಮೇಲೆ ಕಟ್ಟಿಗೆ ತುಂಡು ಇಟ್ಟು ಮೆಲ್ಲಗೆ ಇಳಿಸಿ. ಆಮೇಲೆ ಒಳಗಿನ ಮಣ್ಣಿನ ಮಟ್ಟವನ್ನು ಹೊರಗಿನದರ ಜೊತೆ ಹೋಲಿಸಿ. ಅರ್ಧ ಸೆಂ.ಮೀ. ಕುಸಿದಿದ್ದರೆ 5 ಸೆಂ.ಮೀ. ಜಾಗದಲ್ಲಿ 5.5ರ ಮಣ್ಣು ತುಂಬಿದಂತೆ, ಅಂಕಿ ಶೇ 10ರಷ್ಟು ಸುಳ್ಳೇ ಏರುತ್ತದೆ. ಅಂಥದ್ದನ್ನು ಬಿಸಾಕಿ. ಮಣ್ಣು ಉದುರಿ ಮೂಲೆ ಖಾಲಿಯಾದರೆ ಕೈಯಿಂದ ತುಂಬಬೇಡಿ, ಅದನ್ನೂ ಬಿಟ್ಟು ಪಕ್ಕದಲ್ಲಿ ಹೊಸದು ಹೊಡೆಯಿರಿ.