ನೀರ್‌ದೋಸೆಗೆ 61%, ಪುಳಿಮುಂಚಿಗೆ 78%: ಯಾವ ಶಾರ್ಟ್ಸ್ ಗೆದ್ದಿದೆ?

ಪ್ರಶ್ನೆ: ನಾವು ಉಡುಪಿಯಿಂದ ಯೂಟ್ಯೂಬಿಗೆ ಅಡುಗೆ ಶಾರ್ಟ್ಸ್ ಹಾಕುತ್ತೇವೆ. ಬಂಗುಡೆ ಪುಳಿಮುಂಚಿಗೆ Viewed, ಅಂದರೆ ಸ್ವೈಪ್ ಮಾಡದೆ ನಿಂತು ನೋಡಿದ್ದು, 78% ಇದೆ, ಆದರೆ ಫೀಡಲ್ಲಿ 2,000 ಸಲ ತೋರಿಸಿ ನಿಂತುಬಿಟ್ಟಿತು. ನೀರ್‌ದೋಸೆಗೆ ಬರೀ 61%, ಅದು 70,000 ದಾಟಿದೆ. ಪುಳಿಮುಂಚಿ 40 ಸೆಕೆಂಡಿನದು, ಸರಾಸರಿ 14 ಸೆಕೆಂಡ್ ನೋಡಿದ್ದಾರೆ. ನೀರ್‌ದೋಸೆ 25 ಸೆಕೆಂಡಿನದು, ಸರಾಸರಿ 23. ಸ್ವೈಪ್ ಎಷ್ಟಿದ್ದರೆ ಚೆನ್ನಾಗಿದೆ ಅಂತ ತಿಳ್ಕೊಬೇಕು?

ನಿಮ್ಮ ನೀರ್‌ದೋಸೆಯೇ ಗೆದ್ದಿದೆ. 61% ನೋಡಿ ಬೇಜಾರು ಮಾಡಿಕೊಳ್ಳಬೇಡಿ.

ನಾನು ಮಂಗಳೂರಿನಲ್ಲಿ ಕೆಲವು ಅಡುಗೆ ಚಾನೆಲ್‌ಗಳಿಗೆ ಎಡಿಟಿಂಗ್ ಮಾಡಿಕೊಡುತ್ತೇನೆ. ಎಲ್ಲರೂ ಮೊದಲು ಕೇಳುವುದು ಈ ಪರ್ಸೆಂಟ್ ಬಗ್ಗೆಯೇ. ಇಷ್ಟಿರಬೇಕು ಅಂತ ಯೂಟ್ಯೂಬ್ ಯಾವ ಗೆರೆಯನ್ನೂ ಹಾಕಿಲ್ಲ. ವಿಡಿಯೋ ಮಾಡುವವರ ನಡುವೆ ಓಡಾಡುವ ಅಂದಾಜು ಹೀಗಿದೆ: 70ರ ಮೇಲಿದ್ದರೆ ಗಟ್ಟಿ, 60ರ ಆಸುಪಾಸು ಪರವಾಗಿಲ್ಲ, 50ಕ್ಕಿಂತ ಕೆಳಗೆ ಹೋದರೆ ಮೊದಲ ಸೆಕೆಂಡಿನಲ್ಲೇ ಏನೋ ಎಡವಟ್ಟಾಗಿದೆ. ಅಂದಾಜಿಗೆ ಇದು ಸಾಕು. ಆದರೆ ಪಕ್ಕದಲ್ಲಿರುವ Shown in feed ಸಂಖ್ಯೆ ನೋಡದೆ ಈ ಪರ್ಸೆಂಟ್ ಮಾತ್ರ ಓದಿದರೆ ದಾರಿ ತಪ್ಪುತ್ತೀರಿ.

ಯಾಕೆ ಅಂದರೆ, ಮೊದಲ ಸಾವಿರ, ಎರಡು ಸಾವಿರ ಸಲ ವಿಡಿಯೋ ಹೋಗುವುದು ಹೆಚ್ಚಾಗಿ ಅದನ್ನು ಇಷ್ಟಪಡಬಹುದಾದವರ ಬಳಿಗೆ. ನಿಮ್ಮ ಸಬ್‌ಸ್ಕ್ರೈಬರ್‌ಗಳು, ಮೀನಿನ ಅಡುಗೆಯನ್ನೇ ದಿನಾ ನೋಡುವವರು. ಬಂಗುಡೆ ಕಂಡರೆ ಅವರ ಬೆರಳು ತಾನಾಗಿಯೇ ನಿಲ್ಲುತ್ತದೆ. 78% ಬಂದಿದ್ದು ಅಲ್ಲಿ. 70,000ದವರೆಗೆ ಹೋದ ವಿಡಿಯೋ ನಿಮ್ಮ ಹೆಸರೇ ಕೇಳದವರ ಫೋನಿಗೂ ಹೋಗಿದೆ. ಅಲ್ಲಿ ಪರ್ಸೆಂಟ್ ಇಳಿಯುವುದು ಸಹಜ. ನೀರ್‌ದೋಸೆಗೂ 2,000ದ ಹೊತ್ತಿಗೆ 61ಕ್ಕಿಂತ ಜಾಸ್ತಿಯೇ ಇದ್ದಿರಬಹುದು.

ಹಾಗಾಗಿ ಎರಡು ವಿಡಿಯೋ ಹೋಲಿಸುವುದಾದರೆ ಒಂದೇ ಹಂತದಲ್ಲಿ ಹೋಲಿಸಿ. ಪ್ರತಿ ವಿಡಿಯೋ 1,000 ದಾಟಿದಾಗ ಒಮ್ಮೆ, 10,000 ದಾಟಿದಾಗ ಒಮ್ಮೆ ಪರ್ಸೆಂಟನ್ನು ಪುಸ್ತಕದಲ್ಲಿ ಬರೆದಿಡಿ. ಇನ್ನೂರು ಸಲ ತೋರಿಸಿದಾಗಲೇ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಅಷ್ಟು ಸಣ್ಣ ಲೆಕ್ಕದಲ್ಲಿ 62% ಅಂತ ಕಂಡರೆ ನಿಜವಾದ ಬೆಲೆ 55 ಇರಬಹುದು, 69 ಕೂಡ ಇರಬಹುದು. ಐದು ಸಾವಿರ ದಾಟಿದ ಮೇಲೆ ಈ ಅಲುಗಾಟ ಒಂದೂವರೆ ಪರ್ಸೆಂಟಿನಷ್ಟಕ್ಕೆ ಇಳಿಯುತ್ತದೆ.

ಈಗ ಪುಳಿಮುಂಚಿ ಯಾಕೆ ನಿಂತಿತು ಅನ್ನುವ ವಿಷಯ. ಒಂದು ಸಣ್ಣ ಲೆಕ್ಕ ಮಾಡಿ. ಫೀಡಲ್ಲಿ 100 ಸಲ ತೋರಿಸಿದಾಗ ಒಟ್ಟು ಎಷ್ಟು ಸೆಕೆಂಡ್ ನೋಡಿಸಿಕೊಂಡಿತು? ಪುಳಿಮುಂಚಿಯಲ್ಲಿ 78 ಜನ ನಿಂತರು, ಸರಾಸರಿ 14 ಸೆಕೆಂಡ್. 78ನ್ನು 14ರಿಂದ ಗುಣಿಸಿದರೆ 1,092 ಸೆಕೆಂಡ್. ನೀರ್‌ದೋಸೆಯಲ್ಲಿ 61 ಜನ, ಸರಾಸರಿ 23 ಸೆಕೆಂಡ್. ಅದು 1,403. ಕಡಿಮೆ ಜನ ನಿಂತರೂ ಜಾಸ್ತಿ ಹೊತ್ತು ಸಿಕ್ಕಿದ್ದು ನೀರ್‌ದೋಸೆಗೆ. ಅದೂ ಚಿಕ್ಕ ವಿಡಿಯೋದಲ್ಲಿ! ವಿಡಿಯೋದ ಉದ್ದಕ್ಕೆ ಹೋಲಿಸಿದರೆ ಪುಳಿಮುಂಚಿ 35% ನೋಡಿಸಿಕೊಂಡಿದೆ, ನೀರ್‌ದೋಸೆ 92%. ಶಾರ್ಟ್ಸ್ ಮುಗಿದ ಕೂಡಲೇ ಮತ್ತೆ ಶುರುವಾಗುವುದರಿಂದ ಉದ್ದಕ್ಕೆ ಹೋಲಿಸಿದ ಈ ಪರ್ಸೆಂಟ್ 100 ದಾಟುವುದೂ ಉಂಟು.

ಇದು ಕರಾರುವಾಕ್ಕಾದ ಲೆಕ್ಕ ಅಲ್ಲ, ಯೂಟ್ಯೂಬ್ ಒಳಗೆ ಇದೊಂದನ್ನೇ ನೋಡುವುದೂ ಇಲ್ಲ. ಆದರೆ ರೋಗ ಎಲ್ಲಿದೆ ಅಂತ ಇದರಲ್ಲಿ ಗೊತ್ತಾಗುತ್ತದೆ. Viewed ಜಾಸ್ತಿ, ನೋಡಿದ ಹೊತ್ತು ಕಡಿಮೆ ಅಂದರೆ ಶುರು ಚೆನ್ನಾಗಿದೆ, ನಡುವೆ ಎಲ್ಲೋ ಸೋರಿದೆ. Viewed ಕಡಿಮೆ, ನಿಂತವರು ಮಾತ್ರ ಕೊನೆವರೆಗೆ ನೋಡಿದ್ದಾರೆ ಅಂದರೆ ಅಡುಗೆ ಚೆನ್ನಾಗಿದೆ, ಬಾಗಿಲು ಚೆನ್ನಾಗಿಲ್ಲ. ಎರಡಕ್ಕೂ ಮದ್ದು ಬೇರೆ ಬೇರೆ. ಮೊದಲನೆಯದಕ್ಕೆ ಹೋಗಿ ಶುರುವನ್ನೇ ತಿದ್ದುತ್ತಾ ಕೂತರೆ ಏನೂ ಪ್ರಯೋಜನ ಇಲ್ಲ.

ಪುಳಿಮುಂಚಿಯ ರಿಟೆನ್ಷನ್ ಗ್ರಾಫ್ ತೆರೆದು, ಗೆರೆ ಎಲ್ಲಿ ಧಡಕ್ಕನೆ ಕುಸಿದಿದೆ ನೋಡಿ. ಇಂಥ ವಿಡಿಯೋಗಳಲ್ಲಿ ಸಾಮಾನ್ಯವಾಗಿ ಹೀಗಾಗುತ್ತದೆ: ಮೊದಲು ಕೆಂಪಗೆ ಕುದಿಯುವ ಮಣ್ಣಿನ ಪಾತ್ರೆ ತೋರಿಸುತ್ತಾರೆ. ಜನ ನಿಲ್ಲುತ್ತಾರೆ. ಕೂಡಲೇ ಒಣಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆ, ಹುಣಸೆಹುಳಿ ಅಂತ ತಟ್ಟೆಯಲ್ಲಿಟ್ಟು ಒಂದೊಂದನ್ನೇ ತೋರಿಸುವುದು ಶುರು. ಬೆರಳು ಮೇಲಕ್ಕೆ ಹೋಗುವುದು ಅಲ್ಲೇ. ಆ ಪಟ್ಟಿಯನ್ನು ಡಿಸ್ಕ್ರಿಪ್ಶನ್‌ಗೆ ಹಾಕಿ. ಮೆಣಸು ಹುರಿಯುವುದರಿಂದ ನೇರ ಅರೆದ ಮಸಾಲೆಗೆ ಹಾರಿ. ನಿಮ್ಮ 40 ಸೆಕೆಂಡ್ ಆರಾಮಾಗಿ 25ಕ್ಕೆ ಬರುತ್ತದೆ.

ನೀರ್‌ದೋಸೆಯ 61% ಏರಿಸಬೇಕು ಅಂದರೆ ಮೊದಲ ಸೆಕೆಂಡ್ ನೋಡಬೇಕು. ಫೀಡಲ್ಲಿ ವಿಡಿಯೋ ನೇರವಾಗಿ ಓಡಲು ಶುರುವಾಗುತ್ತದೆ, ಥಂಬ್‌ನೇಲ್ ನೋಡಿ ಆರಿಸುವ ಮಾತೇ ಇಲ್ಲ. ಚಾನೆಲ್ಲಿನ ಲೋಗೋ, ನಮಸ್ಕಾರ ಇದ್ದರೆ ತೆಗೆದುಬಿಡಿ. ಕಾವಲಿಗೆ ಹಿಟ್ಟು ಬಿದ್ದಾಗ ಚುಂಯ್ ಅಂತ ಶಬ್ದ ಬರುತ್ತದಲ್ವಾ, ತೂತು ತೂತಾಗಿ ಅರಳುತ್ತದಲ್ವಾ, ಅಲ್ಲಿಂದಲೇ ಶುರು ಮಾಡಿ. ಆ ಶಬ್ದದ ಮೇಲೆ ಹಾಡು ಹಾಕಬೇಡಿ.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ. ಮಾತು ತುಳುವಿನಲ್ಲಿದ್ದರೆ ಉಡುಪಿ, ಮಂಗಳೂರಿನವರು ಖುಷಿಯಿಂದ ನಿಲ್ಲುತ್ತಾರೆ. ವಿಡಿಯೋ ಹುಬ್ಬಳ್ಳಿ, ಮೈಸೂರು ಕಡೆಗೆ ಹೋದಾಗ ಅರ್ಥವಾಗದೆ ಮುಂದಕ್ಕೆ ಹೋಗುತ್ತಾರೆ. ವಿಡಿಯೋ ಕೆಟ್ಟದು ಅಂತ ಅಲ್ಲ. ತುಳು ಬಿಡಬೇಡಿ ಮಾರಾಯ್ರೆ, ಅದೇ ನಿಮ್ಮ ಚಂದ. ಮೊದಲ ಫ್ರೇಮಿನಲ್ಲೇ ದಪ್ಪ ಕನ್ನಡ ಅಕ್ಷರದಲ್ಲಿ ತಿಂಡಿಯ ಹೆಸರು ಹಾಕಿ. ಕೆಳಗೆ ಶೀರ್ಷಿಕೆ, ಬಲಗಡೆ ಲೈಕ್ ಬಟನ್‌ಗಳು ಮುಚ್ಚುತ್ತವೆ, ಆದ್ದರಿಂದ ಅಕ್ಷರ ನಡುವಿಗಿಂತ ಸ್ವಲ್ಪ ಮೇಲಿರಲಿ.

ವ್ಯೂಸ್ ನೋಡಿ ಮೋಸ ಹೋಗಬೇಡಿ. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಓಡಲು ಶುರುವಾದರೆ ಸಾಕು, ಒಂದು ವ್ಯೂ ಲೆಕ್ಕಕ್ಕೆ ಬರುತ್ತದೆ. ತಕ್ಷಣ ಸ್ವೈಪ್ ಮಾಡಿದವರೂ ಅದರಲ್ಲಿ ಸೇರುತ್ತಾರೆ. ಹಳೆಯ ರೀತಿಯ ಎಣಿಕೆ ಈಗ Engaged views ಹೆಸರಿನಲ್ಲಿದೆ. ದುಡ್ಡಿನ ಲೆಕ್ಕವೂ ಅದರ ಮೇಲೆಯೇ. ಆ ದಿನದ ಹಿಂದಿನ ಮತ್ತು ಈಚಿನ ವಿಡಿಯೋ ಹೋಲಿಸುವಾಗ ವ್ಯೂಸ್ ಬದಲು ಅದನ್ನು ತೆಗೆದುಕೊಳ್ಳಿ.

Viewed ಮತ್ತು ಸ್ವೈಪ್ ಲೆಕ್ಕ ಶಾರ್ಟ್ಸ್ ಫೀಡಿಗೆ ಮಾತ್ರ. "ನೀರ್‌ದೋಸೆ ಮಾಡುವುದು ಹೇಗೆ" ಅಂತ ಹುಡುಕಿ ಬಂದವರು ಇದರಲ್ಲಿ ಇರುವುದಿಲ್ಲ. ಅಡುಗೆ ವಿಡಿಯೋಗಳಿಗೆ ಸರ್ಚಿನಿಂದ ತಿಂಗಳುಗಟ್ಟಲೆ ಜನ ಬರುತ್ತಿರುತ್ತಾರೆ. ಪುಳಿಮುಂಚಿ ಫೀಡಲ್ಲಿ ನಿಂತಿತು ಅಂತ ಡಿಲೀಟ್ ಮಾಡಬೇಡಿ. ಅದು ಅಲ್ಲೇ ಇರಲಿ, 25 ಸೆಕೆಂಡಿನದನ್ನು ಹೊಸದಾಗಿ ಹಾಕಿ. ಎರಡೂ 2,000 ದಾಟಿದಾಗಿನ ಅಂಕಿ ಪಕ್ಕಪಕ್ಕ ಇಟ್ಟು ಇಲ್ಲೇ ಕಾಮೆಂಟ್ ಮಾಡಿ, ನಾನೂ ನೋಡುತ್ತೇನೆ.